ಮರೆತದ್ದೋ, ಒಳಗೆ ಸೇರದೇ ಹೋದದ್ದೋ?

"ಅಜ್ಜಿಯ ನೆನಪಿಗೇನೂ ಆಗಿಲ್ಲ. ಎಪ್ಪತ್ತನಾಲ್ಕರ ನೆರೆಯಲ್ಲಿ ನೀರು ಯಾರ ಮನೆಯ ಯಾವ ಮೆಟ್ಟಿಲವರೆಗೆ ಬಂದಿತ್ತು ಅಂತ ಈಗಲೂ ಹೇಳ್ತಾರೆ." ನೇತ್ರಾವತಿಯ ದಂಡೆಯ ಬಂಟ್ವಾಳದಲ್ಲಿ ಹಳಬರಿರುವ ಮನೆಗಳಿಗೆ ಇಂಥ ಮಾತು ಹೊಸದಲ್ಲ. ಮಾತಿನಲ್ಲಿ ಸುಳ್ಳೂ ಇಲ್ಲ. ಅಜ್ಜಿ 1974ರ ನೆರೆಯ ಕತೆಯನ್ನು ಅಕ್ಷರ ತಪ್ಪದೆ ಹೇಳುತ್ತಾರೆ. ಆದರೆ ಕತೆ ಮುಗಿದ ಐದು ನಿಮಿಷಕ್ಕೆ "ನಾನು ಕಾಫಿ ಕುಡಿದೆನಾ?" ಎಂದು ಕೇಳುತ್ತಾರೆ. ಉತ್ತರ ಸಿಕ್ಕಿದ ಮೇಲೆ ಮತ್ತೆ ಅದನ್ನೇ ಕೇಳುತ್ತಾರೆ. ಮನೆಯವರು ನೆರೆಯ ಕತೆಯನ್ನು ಹಿಡಿದು ಸಮಾಧಾನಪಟ್ಟುಕೊಳ್ಳುತ್ತಾರೆ. ಕಾಫಿಯ ಪ್ರಶ್ನೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಇನ್ನೊಂದು ತುದಿಯಲ್ಲಿ ಅರವತ್ತೈದರ ಒಬ್ಬರಿದ್ದಾರೆ. ಮದುವೆಯ ಚಪ್ಪರದಲ್ಲಿ ಹಳೆಯ ಪರಿಚಯದವರು ಎದುರಾದರು, ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು, ಹೊರಗೆ ಬರಲಿಲ್ಲ. ಊಟಕ್ಕೆ ಕೂತು ಸಾರು ಬಡಿಸುವ ಹೊತ್ತಿಗೆ ಹೆಸರು ತಾನಾಗಿ ಬಂತು. ಅಂದು ರಾತ್ರಿ ಅವರಿಗೆ ನಿದ್ದೆಯಿಲ್ಲ. ತನಗೂ ಮರೆವಿನ ಕಾಯಿಲೆ ಸುರುವಾಯಿತೇ ಎಂಬ ಭಯ.

ಹೆಚ್ಚಿನ ಸಲ ಹೆದರಬೇಕಾದ ಮನೆ ನಿಶ್ಚಿಂತೆಯಿಂದ ಇರುತ್ತದೆ, ನಿಶ್ಚಿಂತೆಯಿಂದ ಇರಬಹುದಾದವರು ಹೆದರುತ್ತಾರೆ. ಹೀಗೆ ಅದಲುಬದಲಾಗಲು ಕಾರಣವಿದೆ. ಮರೆವು ಎಷ್ಟು ಎಂದು ನಾವು ಅಳೆಯುತ್ತೇವೆ. ನೋಡಬೇಕಾದ್ದು ಅದು ಯಾವ ಬಗೆಯದ್ದು ಎಂಬುದನ್ನು.

ಅಟ್ಟಕ್ಕೆ ಏರಿಸುವವ

ಅಡಿಕೆ ತೋಟದ ಹಳೆಯ ಮನೆಯೊಂದರ ಅಟ್ಟವನ್ನು ನೆನೆಸಿಕೊಳ್ಳಿ. ವರ್ಷಗಟ್ಟಲೆ ಸೇರಿದ ಗೋಣಿಗಳು, ಭರಣಿಗಳು, ತಾಮ್ರದ ಹಂಡೆಗಳು ಅಲ್ಲಿವೆ. ಬೇಕಾದಾಗ ಏಣಿ ಹತ್ತಿ ಇಳಿಸಿಕೊಳ್ಳಬೇಕು. ಇಳಿಸುವುದು ಒಂದು ಕೆಲಸ. ಅಂಗಳದಲ್ಲಿರುವ ಇವತ್ತಿನ ಸಾಮಾನನ್ನು ಹೊತ್ತು ಮೇಲೇರಿಸುವುದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸಕ್ಕೆ ಮನೆಯಲ್ಲಿ ಒಬ್ಬನೇ ಆಳು ಇದ್ದಾನೆಂದು ಇಟ್ಟುಕೊಳ್ಳೋಣ.

ಮಿದುಳಿನಲ್ಲಿ ಆ ಆಳಿನ ಕೆಲಸ ಮಾಡುವುದು ಹಿಪೊಕ್ಯಾಂಪಸ್. ಎರಡೂ ಕಿವಿಗಳ ಒಳಭಾಗದ ನೇರಕ್ಕೆ, ಮಿದುಳಿನ ಆಳದಲ್ಲಿ, ಒಂದೊಂದು ಬದಿಗೆ ಒಂದರಂತೆ ಇರುವ ಕಿರುಬೆರಳಿನಷ್ಟು ದಪ್ಪದ ಭಾಗ ಅದು. ಈಗ ಕೇಳಿದ್ದು, ಈಗ ಕಂಡದ್ದು ನಾಳೆಗೂ ಉಳಿಯಬೇಕಾದರೆ ಇದು ಕೆಲಸ ಮಾಡಲೇಬೇಕು. ವರ್ಷಗಳು ಕಳೆದಂತೆ ಆ ನೆನಪು ಮಿದುಳಿನ ಹೊರಪದರದಲ್ಲಿ ಹರಡಿ ನೆಲೆನಿಲ್ಲುತ್ತದೆ. ಆಮೇಲೆ ಅದಕ್ಕೆ ಹಿಪೊಕ್ಯಾಂಪಸ್ಸಿನ ಹಂಗು ಬಹಳ ಕಡಿಮೆ.

ಇದು ನಮಗೆ ಸ್ಪಷ್ಟವಾಗಿ ಗೊತ್ತಾದದ್ದು ಒಂದು ದುರಂತದಿಂದ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಹೆನ್ರಿ ಮೊಲೈಸನ್ ಎಂಬ ಇಪ್ಪತ್ತೇಳರ ತರುಣನಿಗೆ ಅಪಸ್ಮಾರ ನಿಲ್ಲಿಸಲೆಂದು ಶಸ್ತ್ರಚಿಕಿತ್ಸೆ ಮಾಡಿದರು. ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದುಹಾಕಿದರು. ಆತನ ಮಾತು, ಬುದ್ಧಿ, ಬಾಲ್ಯದ ನೆನಪು ಉಳಿದವು. ಆದರೆ ಹೊಸತೊಂದೂ ಒಳಗೆ ಸೇರದಾಯಿತು. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಆತನನ್ನು ದಶಕಗಳ ಕಾಲ ಪರೀಕ್ಷಿಸಿದರು. ಪ್ರತಿ ಸಲವೂ ಆತನಿಗೆ ಅವರು ಹೊಸಬರು.

ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಮಾತು, ತೀರ್ಮಾನದ ಶಕ್ತಿ ಕುಸಿದು ದಿನದ ಬದುಕಿಗೆ ಇನ್ನೊಬ್ಬರ ಕೈ ಬೇಕಾಗುವ ಸ್ಥಿತಿ ಅದು. ಅದನ್ನು ತರುವ ಕಾಯಿಲೆಗಳಲ್ಲಿ ಅತಿ ಸಾಮಾನ್ಯವಾದದ್ದು ಅಲ್‌ಜೈಮರ್. ಈ ಕಾಯಿಲೆಯಲ್ಲಿ ನರಕೋಶಗಳೊಳಗೆ ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಕೂಡಿಕೊಳ್ಳುತ್ತದೆ. ಆ ಗಂಟುಗಳು ಎಲ್ಲಿಂದ ಎಲ್ಲಿಗೆ ಹಬ್ಬುತ್ತವೆ ಎಂಬುದನ್ನು ಜರ್ಮನಿಯ ಬ್ರಾಕ್ ದಂಪತಿ 1991ರಲ್ಲಿ ಹಂತಹಂತವಾಗಿ ತೋರಿಸಿದರು. ಆರಂಭದ ಹಂತಗಳಲ್ಲೇ ಪೆಟ್ಟು ಬೀಳುವುದು ಹಿಪೊಕ್ಯಾಂಪಸ್ಸಿಗೂ ಅದರ ಹೊಸ್ತಿಲಿನಂತಿರುವ ಪದರಕ್ಕೂ. ಆಳು ಮೊದಲೇ ಹಾಸಿಗೆ ಹಿಡಿಯುತ್ತಾನೆ, ಅಟ್ಟ ಇನ್ನೂ ತುಂಬಿಕೊಂಡೇ ಇರುತ್ತದೆ.

ಹಾಗಾಗಿ 1974ರ ನೆರೆ ನೆನಪಿದೆ, ಕಾಫಿ ಕುಡಿದದ್ದು ಇಲ್ಲ. ನೆರೆ ಎಂದೋ ಮೇಲೇರಿದ ಸಾಮಾನು, ಕಾಫಿ ಅಂಗಳದಲ್ಲೇ ಉಳಿದು ಹೋಯಿತು. ಹಳೆಯದು ಚೆನ್ನಾಗಿ ನೆನಪಿದೆ ಎಂಬುದು ಆರಂಭದ ಅಲ್‌ಜೈಮರ್ ಇಲ್ಲವೆಂಬುದಕ್ಕೆ ಸಾಕ್ಷಿಯೇ ಅಲ್ಲ.

ವಯಸ್ಸಿನ ಮರೆವು

ಆರೋಗ್ಯವಂತರಲ್ಲಿ ವಯಸ್ಸಾದಂತೆ ನಿಧಾನವಾಗುವುದು ಮುಖ್ಯವಾಗಿ ಏಣಿ ಹತ್ತಿ ಇಳಿಸುವ ಕೆಲಸ. ಹೆಸರು ತಡವಾಗಿ ಬರುತ್ತದೆ. ಎರಡು ಕೆಲಸ ಒಟ್ಟಿಗೆ ಮಾಡಲು ಹೋದರೆ ಒಂದು ತಪ್ಪುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಬೇಕಾಗುತ್ತದೆ. ಇಲ್ಲೊಂದು ಸಂಗತಿ ಗಮನಿಸಬೇಕು. ಕನ್ನಡಕ ಇಡುವಾಗ ಮನಸ್ಸು ಬೇರೆಲ್ಲೋ ಇದ್ದರೆ ಇಪ್ಪತ್ತರ ಹುಡುಗನೂ ಅದನ್ನು ಮರೆಯುತ್ತಾನೆ.

ಸಹಜ ಮರೆವಿನ ಗುರುತೆಂದರೆ ಸುಳಿವು ಸಿಕ್ಕಿದ ಕೂಡಲೇ ಅದು ಕರಗುತ್ತದೆ. "ನಿನ್ನೆ ಯಾರು ಬಂದಿದ್ದರು?" ಎಂದರೆ ಅಜ್ಜ ತಡವರಿಸಬಹುದು. "ವೇಣೂರಿನವರು, ಹಲಸಿನ ಹಣ್ಣು ತಂದಿದ್ದರಲ್ಲ" ಎಂದರೆ "ಓ, ಹೌದಲ್ಲ, ಅವರ ಮಗನ ಮದುವೆಯಂತೆ" ಎಂದು ಉಳಿದದ್ದನ್ನೂ ಸೇರಿಸಿ ಹೇಳುತ್ತಾರೆ. ಆ ಸೇರಿಸಿ ಹೇಳುವುದನ್ನು ಗಮನಿಸಬೇಕು. ನಾವು ಕೊಡದ ವಿವರ ಅವರ ಬಾಯಿಂದ ಬಂತೆಂದರೆ ಅದು ಒಳಗಿತ್ತು.

ಕಾಯಿಲೆಯ ಮರೆವಿನಲ್ಲಿ ಸುಳಿವು ಕೆಲಸ ಮಾಡುವುದಿಲ್ಲ. "ಯಾರೂ ಬಂದಿಲ್ಲ" ಎಂಬ ಉತ್ತರ ಬರುತ್ತದೆ. ಹಣ್ಣನ್ನು ತೋರಿಸಿದರೆ "ಇದು ನಮ್ಮ ಮರದ್ದು" ಎನ್ನಬಹುದು. ಹಟದಿಂದ ಹೇಳುತ್ತಿದ್ದಾರೆ ಎಂದು ಮನೆಯವರಿಗೆ ಸಿಟ್ಟು ಬರುತ್ತದೆ. ಹಟವಲ್ಲ ಅದು. ಅವರ ಮಟ್ಟಿಗೆ ಆ ಭೇಟಿ ನಡೆದೇ ಇಲ್ಲ. ಮರೆತವನಿಗೆ ಮರೆತೆನೆಂಬ ಅರಿವಿರುತ್ತದೆ, ಸೇರದೇ ಹೋದದ್ದರ ಬಗ್ಗೆ ಅಂಥ ಅರಿವೂ ಇರುವುದಿಲ್ಲ. ತನಗೆ ಮರೆವು ಎಂದು ತಾನೇ ಬಂದು ಹೇಳುವ ರೋಗಿಗಿಂತ, ತನಗೇನೂ ಆಗಿಲ್ಲ ಎನ್ನುತ್ತಾ ಮಗಳ ಒತ್ತಾಯಕ್ಕೆ ಬಂದ ರೋಗಿಯ ಬಗ್ಗೆ ವೈದ್ಯರು ಹೆಚ್ಚು ಎಚ್ಚರದಿಂದ ಇರುವುದು ಇದಕ್ಕೇ.

ಮೂರು ಪದ, ಒಂದು ಗಡಿಯಾರ

ಈ ವ್ಯತ್ಯಾಸವನ್ನು ಸಣ್ಣ ಕೋಣೆಯಲ್ಲಿ ಕೆಲವೇ ನಿಮಿಷಗಳಲ್ಲಿ ಹುಡುಕುವುದೇ ಪ್ರಾಥಮಿಕ ಸ್ಮರಣೆ ತಪಾಸಣೆ. ಇದರಲ್ಲಿ ಸೂಜಿಯಿಲ್ಲ, ಯಂತ್ರವಿಲ್ಲ. ಇಂಥ ತಪಾಸಣೆಗಳು ಹತ್ತಾರಿವೆ. ತೀರ ಚಿಕ್ಕದೆಂದರೆ ಅಮೆರಿಕದ ವೈದ್ಯೆ ಸೂ ಬಾರ್ಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಮಿನಿ-ಕಾಗ್. ಮೂರು ನಿಮಿಷ ಸಾಕು.

ಮೊದಲು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದಗಳನ್ನು ಹೇಳುತ್ತಾರೆ. ಹಲಸು, ಕಂಬಳಿ, ಚೊಂಬು ಎಂದಿಟ್ಟುಕೊಳ್ಳೋಣ. ಕೂಡಲೇ ತಿರುಗಿ ಹೇಳಲು ಕೇಳುತ್ತಾರೆ. ಬಾರದಿದ್ದರೆ ಮೂರು ಸಲದವರೆಗೆ ಮತ್ತೆ ಹೇಳಿಕೊಡುತ್ತಾರೆ. ಈ ಹಂತಕ್ಕೆ ಅಂಕವಿಲ್ಲ, ಆದರೂ ಇದು ಬಹಳ ಕೆಲಸಕ್ಕೆ ಬರುತ್ತದೆ. ಕೂಡಲೇ ತಿರುಗಿ ಹೇಳಲಾಗದವರಿಗೆ ಕಿವಿ ಕೇಳಿಸುತ್ತಿಲ್ಲ, ಅಥವಾ ಗಮನ ನಿಲ್ಲುತ್ತಿಲ್ಲ. ಅಂಗಳಕ್ಕೇ ಬಾರದ ಸಾಮಾನನ್ನು ಆಳು ಏರಿಸಲಿಲ್ಲ ಎಂದು ದೂರುವಂತಿಲ್ಲ.

ಆಮೇಲೆ ಗಡಿಯಾರ. ದುಂಡಗಿನ ಗೆರೆಯೊಳಗೆ ಅಂಕೆಗಳನ್ನು ಬರೆದು, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಇಡಬೇಕು. ಈ ಹೊತ್ತನ್ನು ಆಯ್ದುಕೊಂಡದ್ದರಲ್ಲಿ ಒಂದು ಉಪಾಯವಿದೆ. ಹತ್ತು ನಿಮಿಷ ಎಂದಾಗ ಕೈ ಹತ್ತರ ಅಂಕೆಯ ಕಡೆಗೆ ಎಳೆಯುತ್ತದೆ. ಆ ಸೆಳೆತವನ್ನು ತಡೆದು ಎರಡರ ಅಂಕೆಗೆ ಮುಳ್ಳು ತಿರುಗಿಸಬೇಕಾದರೆ ಯೋಜನೆ ಹಾಕುವ, ತಪ್ಪನ್ನು ತಾನೇ ಹಿಡಿಯುವ ಶಕ್ತಿ ಇರಬೇಕು. ಗಡಿಯಾರಕ್ಕೆ ಇನ್ನೊಂದು ಕೆಲಸವೂ ಇದೆ. ಅದು ಮನಸ್ಸನ್ನು ಬೇರೆ ಕಡೆ ಹಿಡಿದಿಡುತ್ತದೆ. ಮೂರು ಪದಗಳನ್ನು ಒಳಗೊಳಗೇ ಜಪಿಸುತ್ತಾ ಕೂರಲು ಬಿಡುವುದಿಲ್ಲ.

ಕೊನೆಗೆ ಆ ಮೂರು ಪದ ಯಾವುವೆಂದು ಕೇಳುತ್ತಾರೆ. ನೆನಪಾದ ಪದಕ್ಕೆ ಒಂದೊಂದು ಅಂಕ, ಸರಿಯಾದ ಗಡಿಯಾರಕ್ಕೆ ಎರಡು, ತಪ್ಪಾದರೆ ಸೊನ್ನೆ. ಒಟ್ಟು ಐದು. ಮೂರಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆ ಬೇಕು ಎಂದರ್ಥ. ಕಾಯಿಲೆ ಇದೆ ಎಂದರ್ಥವಲ್ಲ.

ಸುಳಿವು ಕೊಡುವುದು ಮಿನಿ-ಕಾಗಿನ ನಿಯಮದಲ್ಲಿಲ್ಲ. ಆದರೆ ಅಂಕ ಬರೆದುಕೊಂಡ ಮೇಲೆ ವೈದ್ಯರು ಕೇಳಬಹುದು: "ಒಂದು ಹಣ್ಣು ಇತ್ತಲ್ಲ?" 2005ರಲ್ಲಿ ಬಂದ, ತುಸು ದೊಡ್ಡದಾದ ಮೋಕಾ ಎಂಬ ತಪಾಸಣೆಯ ಹಾಳೆಯಲ್ಲಿ ಇದಕ್ಕೆಂದೇ ಜಾಗವಿದೆ. ಅಲ್ಲಿ ಐದು ಪದಗಳು, ಮೊದಲು ಯಾವ ಬಗೆಯ ವಸ್ತು ಎಂಬ ಸುಳಿವು, ಆಮೇಲೆ ಮೂರರಲ್ಲಿ ಒಂದನ್ನು ಆರಿಸುವ ಅವಕಾಶ. ಇವಕ್ಕೆ ಅಂಕವಿಲ್ಲದಿದ್ದರೂ ಅನುಭವಿಗಳು ಮೊದಲು ನೋಡುವುದು ಆ ಜಾಗವನ್ನೇ.

ಒಬ್ಬ ಅಜ್ಜಿ, ಒಬ್ಬ ಮಾಸ್ಟ್ರು

ಈಗ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಇಂಥವರು ನಮ್ಮ ಊರುಗಳಲ್ಲೂ ಇದ್ದಾರೆ.

ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯ ಅಜ್ಜಿಗೆ ಎಪ್ಪತ್ನಾಲ್ಕು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಲವತ್ತು ವರ್ಷ ತಡ್ಪೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದವರು. ಮನೆಮಾತು ತುಳು. ಇತ್ತೀಚೆಗೆ ಹೆಸರುಗಳು ತಪ್ಪುತ್ತಿವೆ ಎಂದು ಮೊಮ್ಮಗಳು ಕರೆತಂದಿದ್ದಾಳೆ. ಮೂರು ಪದಗಳಲ್ಲಿ ಎರಡು ತಾವಾಗಿ ಹೇಳಿದರು. ಚೊಂಬು ಬರಲಿಲ್ಲ. "ಒಂದು ಪಾತ್ರೆ" ಎಂದ ಕೂಡಲೇ ಬಂತು. ಗಡಿಯಾರಕ್ಕೆ ಪೆನ್ನು ಕೊಟ್ಟರೆ ನಕ್ಕರು. ಹೆಬ್ಬೆಟ್ಟು ಒತ್ತುವ ಕೈ, ಅಂಕೆ ಬರೆದದ್ದಿಲ್ಲ. ಗಡಿಯಾರಕ್ಕೆ ಸೊನ್ನೆ. ಒಟ್ಟು ಎರಡು. ನಿಯಮದ ಪ್ರಕಾರ ಅಜ್ಜಿ ಅನುಮಾನದ ಪಟ್ಟಿಗೆ ಸೇರಿದರು.

ಮೂಡುಬಿದಿರೆಯ ನಿವೃತ್ತ ಮಾಸ್ಟ್ರಿಗೆ ಎಪ್ಪತ್ತೊಂದು. ಮೂವತ್ತು ವರ್ಷ ಗಣಿತ ಕಲಿಸಿದವರು. ಗಡಿಯಾರ ಕೈವಾರ ಹಿಡಿದು ಬರೆದಷ್ಟು ಚೆಂದ, ಎರಡಕ್ಕೆ ಎರಡು. ಪದಗಳಲ್ಲಿ ಹಲಸು ಮಾತ್ರ ಬಂತು. ಒಟ್ಟು ಮೂರು. ನಿಯಮದ ಪ್ರಕಾರ ಮಾಸ್ಟ್ರು ಪಾಸು. ವೈದ್ಯರು ಸುಳಿವು ಕೊಟ್ಟರು: "ಹೊದ್ದುಕೊಳ್ಳುವ ವಸ್ತು ಒಂದಿತ್ತಲ್ಲ, ಮಾಸ್ಟ್ರೇ?" ಅಂಥದ್ದೇನೂ ಹೇಳಲಿಲ್ಲವಲ್ಲ ನೀವು ಎಂದರು. "ಪಾತ್ರೆ?" ಎಂದಾಗ ತಟ್ಟನೆ "ಕೊಡಪಾನ" ಎಂದರು, ಅನುಮಾನವಿಲ್ಲದ ದನಿಯಲ್ಲಿ. ಕೊಡಪಾನ ಆ ಪಟ್ಟಿಯಲ್ಲೇ ಇರಲಿಲ್ಲ. ಇಲ್ಲದ ಪದ ಹೀಗೆ ನುಸುಳುವುದು ಕೂಡ ಒಂದು ಗುರುತು. ಒಳಗೆ ಏನೂ ಸಿಗದಾಗ ಮಿದುಳು ಹತ್ತಿರದ್ದೊಂದನ್ನು ಎತ್ತಿಕೊಟ್ಟುಬಿಡುತ್ತದೆ.

ಮನೆಯವರನ್ನು ಬೇರೆಯಾಗಿ ಕೇಳಿದರೆ ಚಿತ್ರ ಪೂರ್ತಿಯಾಗುತ್ತದೆ. ಅಜ್ಜಿ ಈಗಲೂ ವಾರದ ಬೀಡಿ ಮಜೂರಿಯ ಲೆಕ್ಕವನ್ನು ಬ್ರಾಂಚಿನವರಿಗಿಂತ ಮೊದಲು ಹೇಳುತ್ತಾರೆ. ಒಬ್ಬರೇ ಬಸ್ಸು ಹತ್ತಿ ಉಜಿರೆಗೆ ಹೋಗಿ ಬರುತ್ತಾರೆ. ಯಾರ ಮನೆಗೆ ಮದುವೆಗೆ ಎಷ್ಟು ಮುಯ್ಯಿ ಹಾಕಿತ್ತೆಂದು ಕೇಳಿದರೆ ತಪ್ಪುವುದಿಲ್ಲ. ಮಾಸ್ಟ್ರ ಹೆಂಡತಿ ಹೇಳುವುದೇ ಬೇರೆ. ವಿದ್ಯುತ್ ಬಿಲ್ಲನ್ನು ಎರಡು ಸಲ ಕಟ್ಟಿ ಬಂದರು. ತೋಟದ ಲೆಕ್ಕದ ಪುಸ್ತಕವನ್ನು ಒಂದು ವರ್ಷದಿಂದ ಮುಟ್ಟಿಲ್ಲ, ಕೇಳಿದರೆ ಬೇಸರ ಎನ್ನುತ್ತಾರೆ. ಮಗಳು ಫೋನು ಮಾಡಿ ಇಟ್ಟ ಹತ್ತು ನಿಮಿಷಕ್ಕೆ "ಮಗಳ ಫೋನು ಬರಲಿಲ್ಲ" ಎನ್ನುತ್ತಾರೆ.

ಮುಂದಿನ ಪರೀಕ್ಷೆ ತುರ್ತಾಗಿ ಬೇಕಾಗಿರುವುದು ಮಾಸ್ಟ್ರಿಗೆ. ಅಂಕ ನೋಡಿದವರು ಕಳಿಸುವುದು ಅಜ್ಜಿಯನ್ನು.

ಇಲ್ಲಿ ಅಂಕವನ್ನು ಕೆಡಿಸಿದ್ದು ಶಾಲೆ. ಶಾಲೆಗೆ ಹೋಗದವರಿಗೆ ಪೆನ್ನು ಹಿಡಿಯುವುದೇ ಪರೀಕ್ಷೆ. ಬಹಳ ಓದಿದವರು ಒಳಗೆ ನಷ್ಟವಾಗುತ್ತಿದ್ದರೂ ಅಭ್ಯಾಸಬಲದಿಂದ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತಾರೆ. ಒಂದೇ ಗಡಿ ಅಂಕವನ್ನು ಇಬ್ಬರಿಗೂ ಹಾಕುವುದು ಅನ್ಯಾಯ ಎಂದು ನನ್ನ ಖಚಿತ ಅಭಿಪ್ರಾಯ.

ತಾರೀಕು ಬೇಡ, ಪತ್ತನಾಜೆ ಕೇಳಿ

ಈ ತೊಡಕನ್ನು ನಮ್ಮ ದೇಶದಲ್ಲಿ ಮೊದಲೇ ಎದುರಿಸಿದವರಿದ್ದಾರೆ. ಹರಿಯಾಣದ ಬಲ್ಲಬಗಢದ ಹಳ್ಳಿಗಳಲ್ಲಿ ಓದುಬರಹ ಬಾರದ ಹಿರಿಯರನ್ನು ಪರೀಕ್ಷಿಸಲು ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಒಂದು ಹಿಂದಿ ತಪಾಸಣೆಯನ್ನು ಪ್ರಕಟಿಸಿದರು. 1975ರಿಂದ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದ್ದ ಮೂವತ್ತು ಅಂಕದ ಎಂಎಂಎಸ್‌ಇ ಅದರ ಮೂಲ. ನೂರರಿಂದ ಏಳೇಳು ಕಳೆಯುತ್ತಾ ಬರಲಾಗದವರಿಗೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ಒಂದು ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದರು. "ಕಣ್ಣು ಮುಚ್ಚಿ" ಎಂದು ಬರೆದ ಹಾಳೆ ತೋರಿಸುವಲ್ಲಿ ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ ಎಂದು ತಾವೇ ಕಣ್ಣು ಮುಚ್ಚಿ ತೋರಿಸಿದರು. ಈಗ ಬೆಳಿಗ್ಗೆಯೋ, ಮಧ್ಯಾಹ್ನವೋ, ಸಂಜೆಯೋ ಎಂದೂ ಕೇಳಿದರು. ಅಳೆಯುವ ಶಕ್ತಿ ಅದೇ, ಕೇಳುವ ದಾರಿ ಬೇರೆ.

ಕನ್ನಡದಲ್ಲೂ ಕೆಲಸ ಆಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷಾ ಗುಚ್ಛದಲ್ಲಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳದ ಜೊತೆಗೆ ಕನ್ನಡವಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಹಿರಿಯರ ಸ್ಮರಣಶಕ್ತಿಯನ್ನು ವರ್ಷವರ್ಷವೂ ಪರೀಕ್ಷಿಸುತ್ತಾ ಬಂದಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಇಂಥ ರೋಗಿಗಳನ್ನು ಗುರುತಿಸುವ ತರಬೇತಿ ಕೊಡುತ್ತದೆ.

ಆದರೆ ಆ ಐದು ಭಾಷೆಗಳಲ್ಲಿ ತುಳುವಿಲ್ಲ, ಕೊಂಕಣಿಯಿಲ್ಲ, ಬ್ಯಾರಿಯಿಲ್ಲ. ಬಂಟ್ವಾಳದ ಪೇಟೆಯಲ್ಲಿ ಈ ಮೂರೂ ಕನ್ನಡದಷ್ಟೇ ಸಹಜವಾಗಿ ಕೇಳಿಸುತ್ತವೆ. ಬೆಳಗಿನಿಂದ ರಾತ್ರಿಯವರೆಗೆ ತುಳುವಿನಲ್ಲಿ ಬದುಕುವ ಅಜ್ಜಿಗೆ ಪುಸ್ತಕದ ಕನ್ನಡದಲ್ಲಿ "ಈಗ ಯಾವ ಋತು?" ಎಂದು ಕೇಳಿದರೆ ಮೌನವೇ ಉತ್ತರ. ಆ ಮೌನವನ್ನು ಮರೆವೆಂದು ಬರೆದುಕೊಂಡರೆ ತಪ್ಪು ಅಜ್ಜಿಯದಲ್ಲ. ಅವರ ವರ್ಷ ಜನವರಿಯಿಂದ ಡಿಸೆಂಬರಿಗೆ ಓಡುವುದಿಲ್ಲ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಸಂಕ್ರಮಣದಿಂದ ಸಂಕ್ರಮಣಕ್ಕೆ ನಡೆಯುತ್ತದೆ. ಪತ್ತನಾಜೆ ಕಳೆಯಿತೇ, ಇನ್ನೂ ಬರಬೇಕೇ ಎಂದು ಕೇಳಬೇಕು. ಬೇಶ ತಿಂಗಳ ಹತ್ತನೆಯ ದಿನಕ್ಕೆ ಕೋಲ, ನೇಮಗಳು ನಿಲ್ಲುತ್ತವೆ. ಈ ಭಾಗದ ಹಿರಿಯರು ಅದನ್ನು ಸುಲಭವಾಗಿ ತಪ್ಪಿಸುವವರಲ್ಲ. ಆಟಿಯ ಜಡಿಮಳೆಯಲ್ಲಿ ಕೂತು, ಇನ್ನೇನು ಊರಿನ ನೇಮಕ್ಕೆ ಹೊರಡಬೇಕು ಎನ್ನುವವರಿಗೆ ಕಾಲದ ಜಾಡು ತಪ್ಪಿದೆ.

ಇಂಥ ಸ್ಥಳೀಯ ಪ್ರಶ್ನೆಗಳಿಗೆ ಗಡಿ ಅಂಕ ಇರುವುದಿಲ್ಲ, ನಿಜ. ಪರೀಕ್ಷಕರು ಅವುಗಳ ಉತ್ತರವನ್ನು ಹಾಳೆಯ ಅಂಚಿನಲ್ಲಿ ಬರೆದಿಡಬೇಕು, ಅಂಕಕ್ಕೆ ಸೇರಿಸಬಾರದು.

ಹಿಂದಿನ ತಾನು, ಇಂದಿನ ತಾನು

ಅಂಕ ಕೈಕೊಡುವಲ್ಲಿ ಕೈಹಿಡಿಯುವುದು ಮನೆಯವರ ಮಾತು. ಪಕ್ಕದ ಮನೆಯವರಿಗೆ ಹೋಲಿಸುವುದಲ್ಲ, ಎರಡು ವರ್ಷದ ಹಿಂದಿನ ಅದೇ ವ್ಯಕ್ತಿಗೆ ಹೋಲಿಸಬೇಕು. ಬಲ್ಲಬಗಢದ ತಂಡ ಇದಕ್ಕೂ ಪ್ರಶ್ನಾವಳಿ ಮಾಡಿತು. ಊಟ ಮಾಡಿದ್ದನ್ನು ಮರೆಯುತ್ತಾರೆಯೇ, ಯಾರಿಗಾದರೂ ಹೇಳಿ ಎಂದ ಸುದ್ದಿಯನ್ನು ಮುಟ್ಟಿಸುತ್ತಾರೆಯೇ, ಊರೊಳಗೆ ದಾರಿ ತಪ್ಪುತ್ತಾರೆಯೇ, ದೊಡ್ಡ ಹಬ್ಬಗಳು ನೆನಪಿವೆಯೇ ಎಂಬಂಥವು. ಓದು ಬರಹಕ್ಕೂ ಇವಕ್ಕೂ ಸಂಬಂಧವಿಲ್ಲ.

ನಮ್ಮ ಕೂಡುಮನೆಗಳಲ್ಲಿ ಇಲ್ಲೂ ಒಂದು ಮರೆಮಾಚುವಿಕೆ ಇದೆ. ಎಪ್ಪತ್ತು ದಾಟಿದ ಗಂಡಸಿಗೆ ಮನೆಯಲ್ಲಿ ಯಾವ ಜವಾಬ್ದಾರಿಯೂ ಇಲ್ಲ. ಚಾವಡಿಯಲ್ಲಿ ಕೂತಲ್ಲಿಗೆ ಊಟ ಬರುತ್ತದೆ, ಮಾತ್ರೆಯನ್ನು ಸೊಸೆ ಕೈಗೆ ಕೊಡುತ್ತಾಳೆ, ದುಡ್ಡನ್ನು ಮಗ ನೋಡಿಕೊಳ್ಳುತ್ತಾನೆ. ತಪ್ಪು ಮಾಡಲು ಅವಕಾಶವೇ ಇಲ್ಲದವರ ತಪ್ಪು ಕಾಣಿಸುವುದಾದರೂ ಹೇಗೆ? ಹೆಂಗಸರಲ್ಲಿ ಮೊದಲು ಸುಳಿವು ಕೊಡುವುದು ಅಡುಗೆ ಒಲೆ. ನೂರಾರು ಸಲ ಮಾಡಿದ ಪತ್ರೊಡೆಯ ಕ್ರಮ ನಡುವೆ ಕಡಿದುಹೋಗುವುದು, ಸಾರಿಗೆ ಎರಡು ಸಲ ಉಪ್ಪು ಬೀಳುವುದು. ಒಂದು ದಿನ ಆದರೆ ಅದು ಅಡುಗೆಮನೆಯ ಗಡಿಬಿಡಿ. ಆರು ತಿಂಗಳಿಂದ ಹೆಚ್ಚುತ್ತಾ ಬಂದಿದ್ದರೆ ತೋರಿಸಬೇಕು.

ಸುಳಿವಿನ ನಿಯಮ ತಪ್ಪುವಲ್ಲಿ

ಸುಳಿವಿಗೆ ನೆನಪಾಯಿತು, ಹಾಗಾಗಿ ಕಾಯಿಲೆಯಿಲ್ಲ ಎಂದು ಮುಗಿಸುವಂತಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಗಳಿಂದ ಮಿದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬರುವ ಡಿಮೆನ್ಶಿಯಾದಲ್ಲಿ ಏಣಿಯೇ ಮುರಿಯುತ್ತದೆ, ಆಳು ಇರುತ್ತಾನೆ. ಸುಳಿವು ಅಲ್ಲಿ ಕೆಲಸ ಮಾಡುತ್ತದೆ. ಆದರೆ ನಡಿಗೆ, ಯೋಚನೆ ಎಲ್ಲ ಎದ್ದು ಕಾಣುವಷ್ಟು ನಿಧಾನವಾಗಿರುತ್ತವೆ. ಇನ್ನೊಂದು ಬಗೆಯಲ್ಲಿ ನೆನಪು ಕೆಡುವ ಮೊದಲೇ ನಡತೆ ಕೆಡುತ್ತದೆ. ಸಂಕೋಚದ ಮನುಷ್ಯ ಸಾವಿನ ಮನೆಯಲ್ಲಿ ತಮಾಷೆ ಮಾಡತೊಡಗುತ್ತಾನೆ. ಮತ್ತೊಂದರಲ್ಲಿ ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣುತ್ತವೆ. ಊರಲ್ಲಿ ಇದಕ್ಕೆ ಬೇರೆ ವಿವರಣೆ ಸಿದ್ಧವಿರುವುದರಿಂದ ಆಸ್ಪತ್ರೆಗೆ ಬರುವುದು ತಡವಾಗುತ್ತದೆ.

ಹಿಂದಕ್ಕೆ ತಿರುಗಿಸಬಹುದಾದ ಕಾರಣಗಳೂ ಇವೆ. ತಪಾಸಣೆಯಲ್ಲಿ ಅಂಕ ಕಡಿಮೆ ಬಂದವರಿಗೆ ರಕ್ತಪರೀಕ್ಷೆ ಮಾಡಿಸುವುದು ಅದಕ್ಕೇ. ಥೈರಾಯ್ಡ್, ಬಿ12 ವಿಟಮಿನ್, ಸೋಡಿಯಂ, ಸಕ್ಕರೆ, ರಕ್ತಹೀನತೆ. ಮನಸ್ಸಿನ ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಅಂಥವರು ಪ್ರಯತ್ನಿಸದೆಯೇ "ನನಗೆ ಗೊತ್ತಿಲ್ಲ" ಎಂದುಬಿಡುತ್ತಾರೆ. ನೆಗಡಿ, ತುರಿಕೆ, ನಿದ್ದೆಗೆಂದು ನುಂಗುವ ಕೆಲವು ಮಾತ್ರೆಗಳು ನೆನಪನ್ನು ಮಂಕಾಗಿಸುತ್ತವೆ. ಪಾಚಿ ಹಿಡಿದ ಅಂಗಳದಲ್ಲಿ ಜಾರಿಬಿದ್ದು ತಲೆಗೆ ಸಣ್ಣ ಪೆಟ್ಟಾದರೆ ಮಿದುಳಿನ ಹೊರಗೆ ರಕ್ತ ನಿಧಾನ ಜಿನುಗಿ ವಾರಗಳ ಮೇಲೆ ಮಂಕು ಕವಿಯಬಹುದು. ಸ್ಕ್ಯಾನಿನಲ್ಲಿ ಅದು ಕಾಣುತ್ತದೆ, ಶಸ್ತ್ರಚಿಕಿತ್ಸೆಯಿಂದ ಗುಣವೂ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಗುರುತು ವೇಗ. ಮೊನ್ನೆಯವರೆಗೆ ಸರಿಯಿದ್ದವರು ಇವತ್ತು ಗೊಂದಲಗೊಂಡಿದ್ದರೆ ಮೊದಲು ಅನುಮಾನಿಸಬೇಕಾದ್ದು ಡಿಮೆನ್ಶಿಯಾವನ್ನಲ್ಲ. ಸೋಂಕು, ಸೋಡಿಯಂ ಕುಸಿತ, ಪಾರ್ಶ್ವವಾಯುಗಳಲ್ಲಿ ಯಾವುದೂ ಆಗಿರಬಹುದು. ಅಂದೇ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಮೂರು ಪದಗಳ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಹೋಗುವ ಮೊದಲು

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ ಡಿಮೆನ್ಶಿಯಾ ಇದೆ, ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು. ಅಂದರೆ ಹದಿಮೂರು, ಹದಿನಾಲ್ಕು ಹಿರಿಯರಲ್ಲಿ ಒಬ್ಬರಿಗೆ. ಉಳಿದವರ ಮರೆವು ಬೇರೆ ಕಾರಣದ್ದು, ಅಥವಾ ಬರೀ ವಯಸ್ಸಿನದ್ದು. ನಡುವೆ ನಿಂತವರೂ ಇದ್ದಾರೆ. ಪರೀಕ್ಷೆಯಲ್ಲಿ ಕೊರತೆ ಕಾಣುತ್ತದೆ, ಬದುಕು ಮಾತ್ರ ಸರಾಗವಾಗಿ ನಡೆಯುತ್ತಿದೆ. ಅಂಥವರಲ್ಲಿ ಕೆಲವರು ಡಿಮೆನ್ಶಿಯಾಕ್ಕೆ ಜಾರುತ್ತಾರೆ, ಕೆಲವರು ಹಾಗೆಯೇ ಉಳಿಯುತ್ತಾರೆ, ಕೆಲವರು ಸುಧಾರಿಸುತ್ತಾರೆ. ಒಂದು ದಿನದ ಪರೀಕ್ಷೆ ಇದನ್ನು ಹೇಳಲಾರದು. ಆರು ತಿಂಗಳೋ ವರ್ಷವೋ ಬಿಟ್ಟು ಮತ್ತೆ ಮಾಡಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆದ್ದರಿಂದ ಮೊದಲ ಹಾಳೆಯನ್ನು ಜೋಪಾನವಾಗಿಡಿ.

ತಾಲೂಕು ಆಸ್ಪತ್ರೆಗೋ ಮಂಗಳೂರಿಗೋ ಹೊರಡುವಾಗ ಹಿರಿಯರ ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ. ಅವರು ನುಂಗುವ ಎಲ್ಲ ಮಾತ್ರೆಗಳನ್ನು, ಅಂಗಡಿಯಿಂದ ಚೀಟಿಯಿಲ್ಲದೆ ತಂದದ್ದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಏನು ಬದಲಾಗಿದೆ, ಯಾವಾಗಿನಿಂದ ಎಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವರ ಮುಂದೆ ಹೇಳಲು ಸಂಕೋಚವಾದರೆ ಆ ಹಾಳೆಯನ್ನೇ ವೈದ್ಯರ ಕೈಗೆ ಕೊಡಿ. ಮನೆಮಾತಿನಲ್ಲೇ ಕೇಳುವಂತೆ ವಿನಂತಿಸಿ. ಮತ್ತು ವೈದ್ಯರು ಮೂರು ಪದ ಯಾವುವೆಂದು ಕೇಳಿದಾಗ ಅಜ್ಜಿ ನಿಮ್ಮ ಮುಖ ನೋಡುತ್ತಾರೆ. ದಯವಿಟ್ಟು ಹೇಳಿಕೊಡಬೇಡಿ.